ನರಸಯ್ಯ ಕಡಿದ ನಾಲ್ಕು ಪುಟ

ಯಲಹಂಕದ ತಾಲೂಕು ಕಚೇರಿಯ ಹೊರಗೆ, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಕೂರುತ್ತಿದ್ದ ನರಸಯ್ಯನವರಿಗೆ ಜನ ಇಟ್ಟ ಹೆಸರು ‘ಕತ್ತರಿ’. ಯಶವಂತಪುರದಲ್ಲಿ ಇಪ್ಪತ್ತು ವರ್ಷ ಟೈಪಿಂಗ್ ಕಲಿಸಿದ ಮನುಷ್ಯ, ಅರ್ಜಿ ಬರೆಯುವುದಕ್ಕಿಂತ ಅರ್ಜಿ ಕಡಿಯುವುದರಲ್ಲೇ ಪಳಗಿದ್ದರು. ಅಳುವವರನ್ನು ಅಳಲು ಬಿಡುತ್ತಿದ್ದರು, ಆದರೆ ಆ ಕಣ್ಣೀರು ಕಾಗದದ ಮೇಲೆ ಬೀಳಲು ಬಿಡುತ್ತಿರಲಿಲ್ಲ.

೨೦೧೪ರ ಬೇಸಿಗೆಯಲ್ಲಿ ಅವರ ಮುಂದೆ ಬಂದು ಕೂತವರು ಜಕ್ಕೂರಿನ ಚಿಕ್ಕಬೈರಪ್ಪ. ಎಪ್ಪತ್ತು ದಾಟಿದ ಹಳೇ ಒಕ್ಕಲು. ಊರ ಸ್ಮಶಾನದ ಅರ್ಧ ಭಾಗಕ್ಕೆ ಪಕ್ಕದ ಜಮೀನಿನವನೊಬ್ಬ ಕಲ್ಲು ನೆಟ್ಟು ತಂತಿ ಎಳೆದಿದ್ದ. ತಂತಿಯ ಒಳಗಿತ್ತು ಅವರ ಹೆಂಡತಿ ಸೊಣ್ಣಮ್ಮನ ಸಮಾಧಿ.

“ಅವ್ಳ್ ಪಕ್ಕದಾಗೆ ನಂಗೂ ಜಾಗ ಬಿಟ್ಟಿದ್ದೆ ಸ್ವಾಮಿ. ಈಗ ದೀಪ ಅಚ್ಚಕ್ಕೂ ಒಳೀಕ್ ಬಿಡಲ್ಲ ಅಂತಾನೆ.”

ಅವರ ಚೀಲದಲ್ಲಿ ನಾಲ್ಕು ಪುಟದ ಮಾಹಿತಿ ಹಕ್ಕು ಅರ್ಜಿಯ ನಕಲಿತ್ತು. ಹಳೇ ಊರಿನವರ ಪದ್ಧತಿಯಂತೆ ಅದು ತಾತನ ಕಾಲದಿಂದ ಶುರುವಾಗಿ, ಬಾವಿ ತೋಡಿದ್ದು, ದಾಯಾದಿಗಳ ಜಗಳ ಎಲ್ಲವನ್ನೂ ಸುತ್ತಿ, ಕೊನೆಗೆ ‘ಈ ಅನ್ಯಾಯವನ್ನು ಏಕೆ ತಡೆಯಲಿಲ್ಲ?’ ಎಂದು ಕೇಳಿತ್ತು. ಮೇಲಿನ ವಿಳಾಸದಲ್ಲಿ ಮಂತ್ರಿಗಳಿಂದ ಹಿಡಿದು ಆರು ಜನರ ಹೆಸರು. ಒಂದು ಕಚೇರಿ ಇನ್ನೊಂದಕ್ಕೆ ವರ್ಗಾಯಿಸಿ, ಅಲ್ಲಿಂದ ಬಂದ ಉತ್ತರ: ಕೇಳಿರುವುದು ವಿವರಣೆ, ಯಾವ ದಾಖಲೆಯನ್ನೂ ಕೇಳಿಲ್ಲ.

“ಸರಿಯಾಗೇ ಬರ್ದಿದಾರೆ” ಎಂದರು ನರಸಯ್ಯ. ಚಿಕ್ಕಬೈರಪ್ಪನವರ ಮುಖ ಕೆಂಪಾಯಿತು. “ಕೋಪ ಮಾಡ್ಕೋಬೇಡಿ ಯಜಮಾನ್ರೆ. ಯಾಕೆ ಅಂತ ಕೇಳಿದ್ರೆ ಅವರ ಬೀರುವಿನಲ್ಲಿ ಉತ್ತರ ಇರಲ್ಲ. ಇರೋ ಕಾಗದ ಕೇಳ್ಬೇಕು. ಅದು ಯಾರ ಬೀರುವಿನಲ್ಲಿದೆಯೋ ಅವರನ್ನೇ ಕೇಳ್ಬೇಕು.”

ಬೈಯುತ್ತಲೇ ನಾಲ್ಕೂ ಪುಟ ಓದಿದರು. ಮೂರನೇ ಪುಟದಲ್ಲಿ ದಾಯಾದಿಗಳ ಜಗಳದ ನಡುವೆ, ಹಳೇ ವಿಭಾಗ ಪತ್ರದಿಂದ ಎತ್ತಿ ಬರೆದ ಒಂದು ಸಾಲಿತ್ತು: ಇವರ ಹೊಲದ ಪೂರ್ವಕ್ಕೆ ಸ್ಮಶಾನ, ಜೊತೆಗೆ ಅದರ ಸರ್ವೆ ನಂಬರು. ನರಸಯ್ಯನವರ ಪೆನ್ನು ಅಲ್ಲಿ ನಿಂತಿತು.

“ಇಷ್ಟು ಹೊತ್ತು ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ?”

ಮಾಹಿತಿ ಹಕ್ಕು ಅರ್ಜಿಯ ನಮೂನೆ ‘ಎ’ ತೆಗೆದರು. ಸಾರ್ವಜನಿಕ ಮಾಹಿತಿ ಅಧಿಕಾರಿ, ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿ, ಯಲಹಂಕ. ಅಧಿಕಾರಿಯ ಹೆಸರು ಬರೆಯಲಿಲ್ಲ. ಹೆಸರಿನವರು ವರ್ಗವಾಗಿ ಹೋಗುತ್ತಾರೆ, ಹುದ್ದೆ ಅಲ್ಲೇ ಇರುತ್ತದೆ. ಕೆಳಗೆ ಒಂದೇ ಕೋರಿಕೆ: ಜಕ್ಕೂರು ಗ್ರಾಮದ ಇಂಥ ಸರ್ವೆ ನಂಬರಿನ ಅಳತೆ ನಕ್ಷೆಯ ದೃಢೀಕೃತ ಪ್ರತಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿದರು.

ಚಿಕ್ಕಬೈರಪ್ಪ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದರು. “ಸೊಣ್ಣಮ್ಮನ್ ಎಸ್ರೇ ಇಲ್ವಲ್ಲ.”

“ಯಾಕೆ ಬೇಕು ಅಂತ ಕಾನೂನು ಕೇಳಲ್ಲ. ಕೇಳದೇ ಇದ್ದಿದ್ದನ್ನ ನಾವಾಗಿ ಹೇಳೋದ್ ಬೇಡ. ಅದೂ ಅಲ್ದೆ ಅರ್ಜಿ ನೂರೈವತ್ತು ಪದದೊಳಗೆ ಮುಗೀಬೇಕು ಅಂತ ನಿಯಮ ಇದೆ.”

ಮುದುಕರು ಸಹಿ ಹಾಕಿದರು, ಆದರೆ ಅವರ ಮನಸ್ಸು ನೊಂದಿತ್ತು. ಕಚೇರಿಯ ಟಪಾಲಿನಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು ಮತ್ತು ತಾರೀಕು ಹಾಕಿಸಿಕೊಂಡು ಬಸ್ಸು ಹತ್ತಿದರು. ಅಂದು ನರಸಯ್ಯನವರಿಗೂ ಊಟ ಸೇರಲಿಲ್ಲ. ತಾನು ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಏನೋ ಕಸಿವಿಸಿ.

ಹನ್ನೆರಡನೇ ದಿನ, ನಕಲಿನ ಶುಲ್ಕ ಕಟ್ಟಿ ಎಂಬ ಪತ್ರ ಬಂತು. ಕಟ್ಟಿದ ವಾರಕ್ಕೆ ಮೊಹರು ಬಿದ್ದ ನಕ್ಷೆ ಕೈಗೆ ಬಂತು. ನಾಲ್ಕೂ ಗಡಿಯ ಅಳತೆ, ನಡುವೆ ‘ಸ್ಮಶಾನ’ ಎಂಬ ಬರಹ. ಅದನ್ನಿಟ್ಟುಕೊಂಡು ಊರಿನವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟರು. ಸರ್ವೆಯವರು ಬಂದು ಎಲ್ಲರೆದುರು ಅಳೆದರು. ಕಲ್ಲುಗಳು ಸ್ಮಶಾನದ ಒಳಗೇ ಇದ್ದವು. ನೆಟ್ಟವನು ಒಂದಷ್ಟು ದಿನ ಹಾರಾಡಿ, ನೋಟಿಸು ಬಂದ ಮೇಲೆ ತಾನೇ ಕೀಳಿಸಿದ.

ಮಹಾಲಯ ಅಮಾವಾಸ್ಯೆ ಕಳೆದ ಮಾರನೇ ದಿನ ಚಿಕ್ಕಬೈರಪ್ಪ ಬಾಳೆಲೆಯಲ್ಲಿ ಎಡೆಯ ಕಜ್ಜಾಯ ಕಟ್ಟಿಕೊಂಡು ಮರದ ಕೆಳಗೆ ಬಂದರು.

“ದೀಪ ಅಚ್ಚಿ ಬಂದೆ. ಅವ್ಳಿಗೊಂದು ಕಲ್ಲು ನೆಡ್ಸಾನ ಅಂತಿವ್ನಿ. ಅದ್ರ ಮ್ಯಾಲೆ ಬರ್ಸಕ್ಕೆ ಒಂಚೂರ್ ಬರ್ಕೊಡಿ. ಉದ್ದ ಬ್ಯಾಡ ಬುಡಿ, ನಿಮ್ಗ್ ಆಗಲ್ಲ. ಎಸ್ರೊಂದೇ ಸಾಕು.”

ನರಸಯ್ಯ ಸರದಿಯಲ್ಲಿ ನಿಂತಿದ್ದವರಿಗೆ ಸ್ವಲ್ಪ ತಡವಾಗುತ್ತದೆ ಎಂದರು. ನಮೂನೆಗಳನ್ನು ಪಕ್ಕಕ್ಕೆ ಸರಿಸಿ, ಗೆರೆಯಿಲ್ಲದ ಹಾಳೆಯೊಂದನ್ನು ಮುಂದಿಟ್ಟುಕೊಂಡರು.

“ಇದಕ್ಕೆ ನೂರೈವತ್ತು ಪದದ ಲೆಕ್ಕ ಇಲ್ಲ ಯಜಮಾನ್ರೆ. ಹೇಳಿ, ಮೊದಲಿಂದ ಹೇಳಿ.”

ಚಿಕ್ಕಬೈರಪ್ಪ ಗಂಟಲು ಸರಿಮಾಡಿಕೊಂಡು ತಾತನ ಕಾಲದಿಂದ ಶುರುಮಾಡಿದರು. ಕತ್ತರಿ ನರಸಯ್ಯ ಒಂದು ಮಾತನ್ನೂ ಬಿಡದೆ ಬರೆದುಕೊಂಡರು.