ಯಾರು ಹೇಳಿದರೂ ಏಳಬೇಡಿ

ವಿಮಾನದ ಟಿಕೆಟ್ ಮಾರುವವನು ವಿಮಾನ ಹತ್ತಿರಲೇಬೇಕು ಎಂದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ. ಔಷಧಿ ಅಂಗಡಿಯವನು ಎಲ್ಲ ಮಾತ್ರೆಗಳನ್ನೂ ನುಂಗಿ ನೋಡಿರುತ್ತಾನೆಯೇ ಎಂಬುದು ಅವನ ವಾದ. ವಾದವೇನೋ ಗಟ್ಟಿಯಾಗಿಯೇ ಇತ್ತು. ಆದರೂ ಪಕ್ಕದ ಜೆರಾಕ್ಸ್ ಅಂಗಡಿಯವನು ಅವನಿಗೆ 'ಹಾರದ ಹಕ್ಕಿ' ಎಂದು ಹೆಸರಿಟ್ಟ. ಹೆಸರು ಅಂಟಿಕೊಂಡಿತು. ಬರಬರುತ್ತಾ ಅರ್ಧ ಸವೆದು ಬರೀ 'ಹಕ್ಕಿ' ಉಳಿಯಿತು. ಹೆಂಡತಿ ಕೂಡ ಸಿಟ್ಟು ಬಂದಾಗ ಅದನ್ನೇ ಬಳಸುತ್ತಿದ್ದಳು.

ಹಕ್ಕಿಯ ಗೂಡು ಎಂದರೆ ಇಬ್ಬರು ಗಿರಾಕಿಗಳು ಕೂತರೆ ಮೂರನೆಯವರು ಬಾಗಿಲಲ್ಲೇ ನಿಲ್ಲಬೇಕಾದ ಒಂದು ಉದ್ದನೆಯ ಅಂಗಡಿ. ಮೇಜಿನ ಮೇಲೆ ಕಂಪ್ಯೂಟರ್, ಅದರ ಪಕ್ಕದಲ್ಲಿ ರೆಕ್ಕೆ ಮುರಿದು ಗೋಂದು ಕಂಡ ಪುಟ್ಟ ವಿಮಾನ, ಗೋಡೆಯ ಮೇಲೆ ಬಿಸಿಲಿಗೆ ನೀಲಿ ಬಣ್ಣ ಕಳೆದುಕೊಂಡ ಸಮುದ್ರ. ಗಿರಾಕಿಗೆ ವಿಷಯ ತಿಳಿಸಿ ಹೇಳುವುದೆಂದರೆ ಅವನಿಗೆ ಪಂಚಪ್ರಾಣ. ಅದರಲ್ಲೂ 'ಡೈರೆಕ್ಟ್' ಮತ್ತು 'ನಾನ್‌ಸ್ಟಾಪ್' ಎರಡೂ ಒಂದೇ ಎಂದು ಯಾರಾದರೂ ಬಾಯಿತಪ್ಪಿ ಹೇಳಿದರೋ, ಅವರು ಅರ್ಧ ಗಂಟೆ ಎದ್ದು ಹೋಗುವಂತಿರಲಿಲ್ಲ. ರಬ್ಬರನ್ನು ಕೈಗೆತ್ತಿಕೊಂಡು ಮೇಜಿನ ಈ ತುದಿಯಿಂದ ಆ ತುದಿಗೆ ಒಂದೇ ಏಟಿಗೆ ಹಾರಿಸಿದರೆ ಅದು ನಾನ್‌ಸ್ಟಾಪ್. ಅದೇ ರಬ್ಬರು ನಡುವೆ ಸ್ಟೇಪ್ಲರಿನ ಮೇಲೆ ಇಳಿದು, ಕೆಲವರನ್ನು ಇಳಿಸಿ, ಕೆಲವರನ್ನು ಹತ್ತಿಸಿಕೊಂಡು, ಮತ್ತೆ ಹಾರಿದರೆ ಅದು ಡೈರೆಕ್ಟ್. ಟಿಕೆಟ್ ಒಂದೇ, ನಂಬರ್ ಒಂದೇ, ಆದರೆ ವಿಮಾನ ಎರಡು ಸಲ ಏರಬೇಕು, ಎರಡು ಸಲ ಇಳಿಯಬೇಕು, ನಡುವೆ ನೆಲದ ಮೇಲೆ ಕಾಯಬೇಕು. ಹೀಗಾಗಿ ಎರಡು ಗಂಟೆಯ ದಾರಿ ನಾಲ್ಕು ಗಂಟೆಯಾದರೂ ಆದೀತು. ರಬ್ಬರು ಎಷ್ಟೋ ಸಲ ಗಿರಾಕಿಯ ಮಡಿಲಲ್ಲೇ ಇಳಿದುಬಿಡುತ್ತಿತ್ತು.

ಇಂಥ ಹಕ್ಕಿಯ ಪಾಂಡಿತ್ಯಕ್ಕೆ ಜಗತ್ತಿನಲ್ಲಿ ಸೊಪ್ಪು ಹಾಕದಿದ್ದವರು ಒಬ್ಬರೇ, ಅವನ ಅತ್ತೆ. ಬಟ್ಟೆ ಹೊಲಿದು ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದ ಹೆಂಗಸು. ಒಂದು ಮಾತು ತಲೆಗೆ ಹೋದರೆ ಅದನ್ನು ಹೊರಗೆ ತೆಗೆಯಲು ಕತ್ತರಿಯೇ ಬೇಕು. ಅಳಿಯನ ಮಾತು ಮಾತ್ರ ಒಳಗೆ ಹೋಗುತ್ತಲೇ ಇರಲಿಲ್ಲ. "ಬಾಯಿ ದೊಡ್ಡದು, ಅಳತೆ ಗೊತ್ತಿಲ್ಲ" ಎಂದು ಮಗಳ ಹತ್ತಿರ ಹೇಳಿದ್ದರಂತೆ. ಅದು ಹಕ್ಕಿಯ ಕಿವಿಗೂ ಬಿದ್ದಿತ್ತು.

ಈಗ ಆ ಅತ್ತೆಗೇ ಅವನು ಟಿಕೆಟ್ ಮಾಡಬೇಕಾಗಿ ಬಂತು. ದೂರದ ಊರಿನಲ್ಲಿದ್ದ ಕಿರಿಯ ಮಗಳ ಹೆರಿಗೆ. ಮಗು ಅಡ್ಡ ಕೂತಿದೆ, ನಾಳೆ ಬೆಳಿಗ್ಗೆಯೇ ಆಪರೇಷನ್ ಎಂದು ಡಾಕ್ಟರು ದಿಢೀರನೆ ಹೇಳಿಬಿಟ್ಟರು. ಅಮ್ಮ ಬರದೆ ನಾನು ಒಳಗೆ ಹೋಗುವುದಿಲ್ಲ ಎಂದು ಮಗಳು ಫೋನಿನಲ್ಲಿ ಅತ್ತಳು. ಹಟದಲ್ಲಿ ಅವಳೂ ತಾಯಿಯ ಮಗಳೇ. ಹಕ್ಕಿಯ ಹೆಂಡತಿ ಕಾಲು ಉಳುಕಿಸಿಕೊಂಡು ಮನೆಯಲ್ಲಿದ್ದಳು. ಹೋಗುವುದಾದರೆ ಅತ್ತೆಯೊಬ್ಬರೇ ಹೋಗಬೇಕು, ಅದೂ ಮೊದಲ ಸಲ, ಅದೂ ಇವತ್ತೇ.

ನಾನ್‌ಸ್ಟಾಪ್ ವಿಮಾನ ಆ ದಾರಿಯಲ್ಲಿ ವಾರಕ್ಕೆ ಎರಡೇ ದಿನ, ಇವತ್ತು ಇಲ್ಲ. ನಡುವೆ ವಿಮಾನ ಬದಲಾಯಿಸುವಂಥದ್ದು ಇತ್ತು. ಆದರೆ ಅಲ್ಲಿ ಇಳಿದು, ಗೇಟ್ ಹುಡುಕಿ, ಬೇರೆ ನಂಬರಿನ ವಿಮಾನ ಹತ್ತುವುದೆಂದರೆ ಅತ್ತೆ ಅಲ್ಲೇ ಮನೆ ಮಾಡಿಬಿಡುವ ಸಂಭವವಿತ್ತು. ಉಳಿದದ್ದು ನಡುವೆ ಒಂದು ಊರಿನಲ್ಲಿ ನಿಲ್ಲುವ ಡೈರೆಕ್ಟ್. ಹಕ್ಕಿ ಕಿಟಕಿಯ ಪಕ್ಕದ ಸೀಟು ಹಿಡಿದ, ಅತ್ತೆಯನ್ನು ಅಂಗಡಿಯಲ್ಲಿ ಕೂರಿಸಿದ, ರಬ್ಬರ್ ತೆಗೆದ.

ಅತ್ತೆ ಆ ದಿನ ಹೆದರಿದ್ದರು. ಹೆದರಿದ್ದರಿಂದ ಕೇಳಿದರು. ಅಳಿಯ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಹಕ್ಕಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಷ್ಟು ವರ್ಷಕ್ಕೆ ಒಲಿದ ಶ್ರೋತೃ! ನಡುವಿನ ಊರಿನಲ್ಲಿ ಜನ ಎದ್ದು ಇಳಿಯುತ್ತಾರೆ, ಅದನ್ನು ನೋಡಿ ನೀವೂ ಇಳಿದರೆ ಕೆಟ್ಟಿರಿ, ಮುಂದಿನ ಊರಿಗೆ ಹೋಗುವವರು ಕೂತಲ್ಲೇ ಕೂತಿರಬೇಕು, ತಲೆ ಎಣಿಸಲು ಬಂದರೆ ಟಿಕೆಟ್ ತೋರಿಸಬೇಕು, ಮತ್ತೆ ಹೊರಟಾಗ ಬೆಲ್ಟ್ ಕಟ್ಟಿಕೊಂಡರಾಯಿತು ಎಂದು ವಿವರಿಸಿದ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬಾಯಿಗೆ ಬೆಲ್ಟ್ ಇರಲಿಲ್ಲ.

"ಅತ್ತೆ, ಯಾರು ಬಂದು ಹೇಳಿದ್ರೂ ಏಳ್ಬೇಡಿ. ನಾನೇ ಫೋನ್ ಮಾಡಿ ಏಳಿ ಅಂದ್ರೂ ಏಳ್ಬೇಡಿ."

"ನೀವೇ ಹೇಳಿದ್ರೂ?"

"ನಾನೇ ಹೇಳಿದ್ರೂ."

ಅತ್ತೆ ಅದನ್ನು ಗಂಟು ಹಾಕಿಕೊಂಡರು. ಒಮ್ಮೊಮ್ಮೆ ನಡುವಿನ ಊರಿನಲ್ಲಿ ಎಲ್ಲರನ್ನೂ ಕೈಚೀಲದೊಂದಿಗೆ ಇಳಿಸುವುದೂ ಉಂಟು, ನಂಬರ್ ಅದೇ ಇದ್ದು ವಿಮಾನವೇ ಬೇರೆಯಾಗುವುದೂ ಉಂಟು ಎಂಬುದು ಹಕ್ಕಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಅಪರೂಪದ್ದು ಹೇಳಿ ಮುದುಕಿಯನ್ನು ಯಾಕೆ ಹೆದರಿಸಬೇಕು ಎಂದು ನುಂಗಿಕೊಂಡಿದ್ದ, ಅಷ್ಟೇ. ಮಧ್ಯಾಹ್ನ ವಿಮಾನ ನಿಲ್ದಾಣದ ಬಾಗಿಲವರೆಗೂ ಹೋಗಿ ಕಳಿಸಿ ಬಂದ. ಮಗುವಿಗೆಂದು ಅತ್ತೆ ಹೊಲಿದಿಟ್ಟ ಟೋಪಿ, ಅಂಗಿ, ಹೊದಿಕೆಗಳ ಪೆಟ್ಟಿಗೆ ದೊಡ್ಡದಾಗಿ ಊದಿಕೊಂಡಿತ್ತು. ಬೀಗದ ಮೇಲೆ ನಂಬಿಕೆಯಿಲ್ಲದೆ ಅದಕ್ಕೆ ಅವರು ಗಿಳಿಹಸಿರು ಹಗ್ಗ ಸುತ್ತಿದ್ದರು.

ಹಕ್ಕಿ ಅಂಗಡಿಗೆ ಬಂದು ಚಹಾ ಕುಡಿಯುತ್ತಿದ್ದಾಗ ಅತ್ತೆಯ ಫೋನು ಬಂತು. ವಿಮಾನ ನಡುವಿನ ಊರು ಮುಟ್ಟಿತ್ತು.

"ಅಳಿಯಂದ್ರೆ, ನಾನು ಏಳ್ಲಿಲ್ಲ" ಎಂದರು ಅತ್ತೆ, ಯುದ್ಧ ಗೆದ್ದವರ ದನಿಯಲ್ಲಿ.

ಹಕ್ಕಿಯ ಎದೆ ಉಬ್ಬಿತು. ಚಹಾಕ್ಕೆ ಬಂದು ಕೂತಿದ್ದ ಜೆರಾಕ್ಸಿನವನೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿದ. ಅತ್ತೆ ಮುಂದುವರಿಸಿದರು. ಒಂದು ಹುಡುಗಿ ಬಂದು ಏಳಿ ಅಂದಳು, ಏಳಲಿಲ್ಲ. ಇನ್ನೊಬ್ಬ ಹುಡುಗ ಬಂದ, ಅವನಿಗೂ ಏಳಲಿಲ್ಲ. ಈಗ ಕೋಟು ಹಾಕಿದವನೊಬ್ಬ ಬಂದಿದ್ದಾನೆ. ಅವನಿಗೂ ಏಳುವುದಿಲ್ಲ. ಉಳಿದವರೆಲ್ಲ ಬುದ್ಧಿಯಿಲ್ಲದೆ ಎದ್ದು ಹೋದರು.

"ಎಲ್ಲರೂನಾ?" ಎಂದ ಹಕ್ಕಿ. ಚಹಾದ ಲೋಟ ಮೇಜಿನ ಮೇಲಿಟ್ಟ.

"ಒಬ್ರೂ ಇಲ್ಲ. ಇಡೀ ವಿಮಾನ ನಂದೇ."

ಹಿಂದಿನಿಂದ ಹುಡುಗಿಯ ದನಿ ಕೇಳಿತು. ಈ ವಿಮಾನ ಕೆಟ್ಟಿದೆ, ಇದು ಮುಂದೆ ಹಾರುವುದಿಲ್ಲ, ಪಕ್ಕದಲ್ಲಿ ಬೇರೆ ವಿಮಾನ ತಂದಿದ್ದಾರೆ, ನಂಬರ್ ಅದೇ, ಎಲ್ಲರೂ ಗೇಟಿನಿಂದ ಮತ್ತೆ ಹತ್ತುತ್ತಿದ್ದಾರೆ, ಗೇಟ್ ಮುಚ್ಚಿದರೆ ಅಜ್ಜಿ ಇಲ್ಲೇ ಉಳಿಯುತ್ತಾರೆ ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಅಳುವುದೊಂದು ಬಾಕಿ. ನಾಳೆ ಬೆಳಗಿನ ಆಪರೇಷನ್ ಹಕ್ಕಿಯ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಹೆಂಡತಿಯ ಮುಖವೂ ಬಂತು.

"ಅತ್ತೆ, ಏಳಿ."

"ಇಲ್ಲ."

"ನಾನು ಹೇಳ್ತಿದೀನಿ, ನಿಮ್ಮ ಅಳಿಯ."

"ಅದಕ್ಕೇ ಏಳಲ್ಲ. ನೀವೇ ಫೋನ್ ಮಾಡಿ ಹೇಳಿದ್ರೂ ಏಳ್ಬೇಡಿ ಅಂದಿದ್ದು ನೀವೇ ಅಲ್ವಾ? ನನ್ನ ಪರೀಕ್ಷೆ ಮಾಡ್ತಿದೀರಾ?"

ಹಕ್ಕಿ ಬೇಡಿಕೊಂಡ. ನನ್ನ ತಪ್ಪು ಎಂದ, ನನ್ನ ಬುದ್ಧಿಗಿಷ್ಟು ಎಂದ. ಅತ್ತೆ ಇದನ್ನೆಲ್ಲ ಹಿಂದೆಯೂ ಒಪ್ಪಿಕೊಂಡವರೇ ಆದ್ದರಿಂದ ಹೊಸದೇನೂ ಅನ್ನಿಸಲಿಲ್ಲ. ಇಪ್ಪತ್ತು ವರ್ಷಕ್ಕೆ ಒಮ್ಮೆ ಅಳಿಯನನ್ನು ಪೂರ್ತಿ ನಂಬಿದ್ದರು. ಆ ನಂಬಿಕೆಯೇ ಈಗ ಬೆಲ್ಟು ಬಿಗಿದುಕೊಂಡು ಕೂತಿತ್ತು. ಜೆರಾಕ್ಸಿನವನು ಮುಖ ಗೋಡೆಗೆ ತಿರುಗಿಸಿದ. ಅವನ ಭುಜ ಕುಣಿಯುತ್ತಿತ್ತು.

ಆಗ ಹಕ್ಕಿಗೆ ಪೆಟ್ಟಿಗೆಯ ನೆನಪಾಯಿತು. ಅದೇ ವಿಮಾನ ಮುಂದೆ ಹೋಗುವುದಾದರೆ ಮುಂದಿನ ಊರಿನವರ ಸಾಮಾನು ಅದರ ಹೊಟ್ಟೆಯಲ್ಲೇ ಇರುತ್ತದೆ. ವಿಮಾನವೇ ಬದಲಾದರೆ ಪೆಟ್ಟಿಗೆಯೂ ಬದಲಾಗಬೇಕು.

"ಅತ್ತೆ, ನನ್ನ ಮಾತು ನಂಬಬೇಡಿ. ಕಿಟಕಿಯಾಚೆ ನೋಡಿ. ಕೆಳಗೆ ಸಾಮಾನು ಇಳಿಸ್ತಿದಾರಾ?"

"ಇಳಿಸ್ತಿದಾರೆ. ಯಾರದ್ದೋ ಇರ್ಬೇಕು."

"ಹಸಿರು ಹಗ್ಗ ಕಾಣುತ್ತಾ ನೋಡಿ."

ಫೋನು ಕಿಟಕಿಯ ಗಾಜಿಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ಅತ್ತೆಯ ದನಿ ಬೇರೆಯಾಗಿತ್ತು.

"ಅಯ್ಯೋ, ನಂದು! ಎಲ್ಲಿಗೆ ಒಯ್ತಿದಾರೆ ಅದನ್ನ?"

"ಪಕ್ಕದ ವಿಮಾನಕ್ಕೆ, ಅತ್ತೆ. ಪೆಟ್ಟಿಗೆ ಹೊರಟಿತು. ನೀವು ಬರ್ತೀರೋ ಇಲ್ವೋ ಅಂತ ಅದು ಕಾಯಲ್ಲ."

ಬೆಲ್ಟಿನ ಕೊಂಡಿ ಕಳಚಿದ ಸದ್ದು, ಹುಡುಗಿಯ "ನಿಧಾನ, ಅಜ್ಜಿ", ಅತ್ತೆಯ "ಸರಿಯಮ್ಮ ದಾರಿ ಬಿಡು", ಅಷ್ಟೇ. ಫೋನು ಸತ್ತಿತು.

ಆಮೇಲಿನ ಸಮಯವನ್ನು ಹಕ್ಕಿ ಕಂಪ್ಯೂಟರಿನ ಎದುರು ಕೂತು ಕಳೆದ. ತಡವಾಗಿದೆ ಎಂದು ತೋರಿಸಿತು. ಹೊಸ ಸಮಯ ಕೊಟ್ಟಿತು. ಗೇಟ್ ಮುಚ್ಚಿತು ಎಂದಿತು. ಒಳಗೆ ಅತ್ತೆ ಇದ್ದಾರೋ ಇಲ್ಲವೋ ಎಂದು ಮಾತ್ರ ಯಾವ ಕಂಪ್ಯೂಟರೂ ಬಾಯಿ ಬಿಡಲಿಲ್ಲ. ಅತ್ತೆಯ ಫೋನು ಸ್ವಿಚ್ ಆಫ್. ಹೆಂಡತಿ ಮನೆಯಿಂದ ಫೋನ್ ಮಾಡಿ, ಅಮ್ಮ ಎಲ್ಲಿದ್ದಾಳೆ ಎಂದಳು. ದಾರಿಯಲ್ಲಿ ಎಂದ. ಯಾವ ದಾರಿಯಲ್ಲಿ ಎಂದು ಅವಳು ಕೇಳಲಿಲ್ಲ, ಪುಣ್ಯ.

"ಹತ್ತಿರ್ತಾರೆ ಬಿಡಪ್ಪ" ಎಂದು ಜೆರಾಕ್ಸಿನವನು ಇನ್ನೊಂದು ಚಹಾ ತರಿಸಿದ.

ಹಕ್ಕಿ ತನಗೆ ತಾನೇ ಲೆಕ್ಕ ಹೇಳಿಕೊಂಡ. ಪೆಟ್ಟಿಗೆ ಒಳಗಿದ್ದು ಅದರ ಒಡತಿ ಹತ್ತದಿದ್ದರೆ ಆ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸದೆ ವಿಮಾನ ಬಿಡುವಂತಿಲ್ಲ. ಅದಕ್ಕೆ ಮತ್ತಷ್ಟು ತಡವಾಗಬೇಕು. ಹೊಸ ಸಮಯಕ್ಕೆ ಸರಿಯಾಗಿ ಪರದೆಯ ಮೇಲೆ 'ಹೊರಟಿದೆ' ಎಂದು ಮೂಡಿತು. ಹಕ್ಕಿ ಕುರ್ಚಿಗೆ ಒರಗಿದ. ಅಂಗಡಿಯ ಗಾಜಿನ ಬಾಗಿಲಾಚೆ ಕಾಯುತ್ತಿದ್ದ ಗಿರಾಕಿಯನ್ನು ಆಗಲೇ ನೋಡಿದ್ದು.

ಕತ್ತಲಾಗುವಾಗ ಫೋನು ಬಂತು. ಮಗಳು ಪಕ್ಕದಲ್ಲೇ ಇದ್ದಾಳೆ, ನಗುತ್ತಿದ್ದಾಳೆ, ಹೊಟ್ಟೆ ಹಿಡಿದುಕೊಂಡು ನಗಬೇಡ ಎಂದು ಡಾಕ್ಟರು ಬೈದು ಹೋದರು ಎಂದು ಅತ್ತೆ ವರದಿ ಒಪ್ಪಿಸಿದರು. ಎರಡನೆಯ ವಿಮಾನದಲ್ಲೂ ಅದೇ ನಂಬರಿನ ಸೀಟು ಸಿಕ್ಕಿತಂತೆ, ಕಿಟಕಿಯ ಗಾಜು ಮಾತ್ರ ಇನ್ನೂ ಶುಭ್ರವಂತೆ. ಕೊನೆಯಲ್ಲಿ ಹತ್ತಿದ ಇವರಿಗೆ ಇಡೀ ವಿಮಾನ ಚಪ್ಪಾಳೆ ತಟ್ಟಿತಂತೆ. ತಮ್ಮ ಧೈರ್ಯಕ್ಕೆ ಎಂದು ಅತ್ತೆ ತಿಳಿದಿದ್ದರು. ಹಕ್ಕಿ ತಿದ್ದಲು ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಹೆಣ್ಣುಮಗು. ತಾಯಿ ಮಗು ಇಬ್ಬರೂ ಕ್ಷೇಮ. ಟೋಪಿ ಒಂದಿಷ್ಟು ದೊಡ್ಡದಾಯಿತು ಎಂಬುದೊಂದೇ ಕೊರಗು. ಫೋನಿಡುವ ಮೊದಲು ಹಕ್ಕಿ ಅಂಜುತ್ತಲೇ ಕೇಳಿದ, ವಾಪಸ್ ಬರುವಾಗ ಎಲ್ಲೂ ನಿಲ್ಲದ ವಿಮಾನ ನೋಡಲೇ, ಎರಡೇ ಗಂಟೆ, ಹತ್ತಿದರೆ ಇಳಿಯುವುದು ನಮ್ಮೂರಲ್ಲೇ ಎಂದು.

ಅತ್ತೆ ಒಪ್ಪಲಿಲ್ಲ.

"ಬೇಡ, ನಡುವೆ ನಿಲ್ಲೋದೇ ಮಾಡಿ. ಆ ಹುಡುಗಿ ಒಳ್ಳೆಯವ್ಳು, ಮತ್ತೆ ಸಿಕ್ಕಿದ್ರೆ ಅವಳ ಮಾತು ಕೇಳ್ತೀನಿ. ನೀವು ಟಿಕೆಟ್ ಮಾತ್ರ ಮಾಡಿ, ಅಳಿಯಂದ್ರೆ. ಬುದ್ಧಿ ಹೇಳ್ಬೇಡಿ."

ಹಕ್ಕಿ ಆಗಲಿ ಎಂದ. ರಬ್ಬರನ್ನು ಮುಟ್ಟದೆ ಟಿಕೆಟ್ ಮಾಡಿದ್ದು ಅವನ ಕಸುಬಿನಲ್ಲಿ ಅದೇ ಮೊದಲು.