ಆರುನೂರು ಪ್ರತಿ, ಒಂದೇ ಹಾಳೆ

ಹಠಮಾರಿಯ ಕೈಗೆ ಗಡಿಯಾರ ಕೊಟ್ಟರೆ ಹೊತ್ತಿಗೂ ಉಸಿರು ಕಟ್ಟುತ್ತದೆ. ಇಪ್ಪತ್ತೆಂಟು ವರ್ಷದಿಂದ ಗಣಿತ ಕಲಿಸುತ್ತಿದ್ದ ಈ ಟೀಚರಮ್ಮನ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚ್ ನೇತಾಡುತ್ತಿತ್ತು. ಓಟದ ತರಬೇತಿ ಕೊಡುತ್ತಿದ್ದ ಅಪ್ಪ ಬಿಟ್ಟುಹೋದ ಆಸ್ತಿ ಅದೊಂದೇ. ಮಕ್ಕಳು ಬೆನ್ನ ಹಿಂದೆ ‘ಟಿಕ್‌ಟಿಕ್ ಟೀಚರ್’ ಅನ್ನುತ್ತಿದ್ದರು. ಆಕೆಗೆ ಗೊತ್ತಿತ್ತು. ಕೇಳಿಸಿದರೂ ಕೇಳಿಸದವಳ ಹಾಗೆ ಇರುತ್ತಿದ್ದಳು.

ಆಕೆಗೂ ವಿಜ್ಞಾನದ ಮೇಷ್ಟ್ರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಜಗಳದ ಬೇರು ಮಹಡಿಯ ಮೂಲೆಯ ಕೋಣೆ. ಲೆಕ್ಕದಲ್ಲಿ ಹಿಂದೆ ಬಿದ್ದ ಹನ್ನೆರಡು ಮಕ್ಕಳಿಗೆ ಟೀಚರ್ ಅಲ್ಲಿ ದಿನಕ್ಕೆ ನಲವತ್ತು ನಿಮಿಷ ಪರಿಹಾರ ಬೋಧನೆ ಮಾಡುತ್ತಿದ್ದಳು. ಮೇಷ್ಟ್ರಿಗೆ ಆ ಕೋಣೆ ಪ್ರಯೋಗದ ಸಾಮಾನು ಇಡಲು ಬೇಕಿತ್ತು.

“ಆರು ವಾರ ಟೈಮು,” ಎಂದು ಹೆಡ್‌ಮಾಸ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. “ಕೊನೇಲಿ ತಪಾಸಣೆಗೆ ಇಲಾಖೆಯಿಂದ ಮೇಡಂ ಬರ್ತಾರೆ. ಮೂರು ನಿಮಿಷ, ಮೂವತ್ತು ಲೆಕ್ಕ. ಸರಾಸರಿ ಇಪ್ಪತ್ತು ಬರಲಿಲ್ಲ ಅಂದ್ರೆ ಆ ಕ್ಲಾಸು ಬಂದ್, ಕೋಣೆ ಮೇಷ್ಟ್ರಿಗೆ.”

ಟೀಚರ್ ಬರೆದ ಪಾಠಯೋಜನೆ ಮೊದಲು ಚೆನ್ನಾಗಿಯೇ ಇತ್ತು. ಐದು ನಿಮಿಷ ಬಾಯಿಲೆಕ್ಕ. ಹದಿನೈದು ನಿಮಿಷ ಉಪಾಯ ಕಲಿಸುವುದು: ನಲವತ್ತೇಳಕ್ಕೆ ಮೂವತ್ತೆಂಟು ಕೂಡಿಸಬೇಕಾದರೆ ಮೊದಲು ಮೂರು ಕೊಟ್ಟು ಐವತ್ತು ಮಾಡಿಕೋ, ಉಳಿದ ಮೂವತ್ತೈದು ಸೇರಿಸು. ಆಮೇಲೆ ಮೂರು ನಿಮಿಷದ ಹಾಳೆ. ಉಳಿದ ಹೊತ್ತು ಯಾರು ಎಲ್ಲಿ ಎಡವಿದರು ಎಂದು ಅವರವರ ಜೊತೆ ಕೂತು ನೋಡುವುದು.

ಆ ಯೋಜನೆ ಕೆಟ್ಟದ್ದು ಝೆರಾಕ್ಸ್ ಮಷಿನ್ನಿನಿಂದ. ಅದರ ಬೀಗದ ಕೈ ಮೇಷ್ಟ್ರ ಹತ್ತಿರ. ದಿನಾ ಹೊಸ ಹಾಳೆ ಬೇಕೆಂದರೆ ದಿನಾ ಆತನ ಮುಂದೆ ನಿಲ್ಲಬೇಕು. “ಇವನ ಮುಖ ಒಂದೇ ಸಲ ನೋಡಿ ಮುಗಿಸ್ತೀನಿ,” ಎಂದುಕೊಂಡು ಟೀಚರ್ ಒಂದೇ ಹಾಳೆಯ ಆರುನೂರು ಪ್ರತಿ ತೆಗೆಸಿಬಿಟ್ಟಳು.

“ಆರುನೂರಾ! ಪಾಠ ಮಾಡ್ತೀರೋ ಕರಪತ್ರ ಹಂಚ್ತೀರೋ?” ಎಂದು ಮೇಷ್ಟ್ರು ಕೇಳಿದ್ದರು.

“ನಿಮ್ಮ ಸಾವಿನ ಸುದ್ದಿ ಹಂಚೋದಲ್ಲ ಬಿಡಿ, ಗಾಬರಿ ಬೇಡ.”

ಎರಡನೇ ವಾರದಲ್ಲಿ ಅಂಕ ಏರತೊಡಗಿತು. ಹನ್ನೆರಡು, ಹದಿನೇಳು, ಇಪ್ಪತ್ತು. ಟೀಚರಿಗೆ ರುಚಿ ಹತ್ತಿತು. ಉಪಾಯ ಕಲಿಸುವ ಹದಿನೈದು ನಿಮಿಷಕ್ಕೆ ಕತ್ತರಿ ಹಾಕಿ, ಅದೇ ಲೆಕ್ಕಗಳನ್ನು ದಿನಕ್ಕೆ ಎರಡು ಸಲ, ಒಮ್ಮೆ ಹಾಳೆಯಲ್ಲಿ ಒಮ್ಮೆ ಸ್ಲೇಟಿನಲ್ಲಿ, ಮಾಡಿಸಿದಳು. ನಾಲ್ಕನೇ ವಾರಕ್ಕೆ ಹನ್ನೊಂದು ಮಕ್ಕಳು ಇಪ್ಪತ್ತೆಂಟಕ್ಕೆ ಬಂದು ಮುಟ್ಟಿದರು. ಊಟದ ಬಿಡುವಿನಲ್ಲಿ ಅವರು ಮೆಟ್ಟಿಲ ಮೇಲೆ ಕೂತು ಚಪ್ಪಾಳೆ ತಟ್ಟಿ ಹಾಡುತ್ತಿದ್ದರು: “ಎಂಬತ್ತೈದು ಮೂವತ್ನಾಕು, ಐವತ್ತಾರು ಎಂಟು...” ಟೀಚರ್ ಅದನ್ನು ಕೇಳಿದಳು. ಮಕ್ಕಳಿಗೆ ಲೆಕ್ಕ ಎಷ್ಟು ಹಿಡಿಸಿಬಿಟ್ಟಿದೆ ಎಂದು ಹಿಗ್ಗಿದಳು. ಅದೇ ಹಾಡು ಪಕ್ಕದಲ್ಲೇ ಮೇಷ್ಟ್ರು ಕೂರುವ ಕೋಣೆಯ ಕಿಟಕಿಗೂ ಕೇಳಿಸುತ್ತಿತ್ತು ಎಂಬುದು ಆಕೆಗೆ ಹೊಳೆಯಲಿಲ್ಲ.

ಹಾಡದೆ ಇದ್ದವಳು ಒಬ್ಬಳೇ. ಕೊನೆಯ ಬೆಂಚಿನ ಹುಡುಗಿ. ಮೂರು ನಿಮಿಷಕ್ಕೆ ಒಂಬತ್ತೋ ಹತ್ತೋ ಲೆಕ್ಕ ಮಾಡುವವಳು, ಅಷ್ಟೂ ಸರಿ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಟೀಚರೇ ಆಕೆಗೆ ‘ಆಮೆ’ ಎಂದು ಹೆಸರಿಟ್ಟಿದ್ದಳು.

“ಏ ಆಮೆ, ಬೇಗ ಬರಿ! ನಿನ್ನಿಂದ ಎಲ್ಲರ ಸರಾಸರಿ ಕೆಳಗೆ ಬೀಳ್ತಿದೆ ಕಣೆ.”

“ಯೋಚನೆ ಮಾಡ್ತಿದ್ದೀನಿ ಟೀಚರ್.”

“ಯೋಚನೆ ಮನೇಲಿ ಮಾಡು. ಇಲ್ಲಿ ಉತ್ತರ ಬರಿ.”

ಹುಡುಗಿ ತುಟಿ ಕಚ್ಚಿ ತಲೆ ಬಗ್ಗಿಸುತ್ತಿದ್ದಳು. ಹನ್ನೊಂದು ತಲೆಗಳು ತಿರುಗಿ ಅವಳನ್ನು ದುರುಗುಟ್ಟಿಕೊಂಡು ನೋಡುತ್ತಿದ್ದವು.

ತಪಾಸಣೆಯ ದಿನ ಬಂತು. ಕನ್ನಡಕದ ಮೇಡಂ ಮುಂದಿನ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಹೆಡ್‌ಮಾಸ್ಟರು. ಕರೆಯದಿದ್ದರೂ ವಿಜ್ಞಾನದ ಮೇಷ್ಟ್ರು ಬಾಗಿಲಿಗೆ ಒರಗಿ ನಿಂತಿದ್ದರು. ಟೀಚರ್ ಹಾಳೆಯ ಕಟ್ಟಿಗೆ ಕೈ ಹಾಕಿದಾಗ ಮೇಡಂ ತಡೆದರು.

“ಹಾಳೆ ನನ್ನ ಹತ್ರ ಇದೆ. ಲೆಕ್ಕ ಎಲ್ಲಾ ನಿಮ್ಮವೇ, ಒಂದೂ ಹೊಸದಲ್ಲ. ಮೇಷ್ಟ್ರು ಸಾಲುಗಳನ್ನ ಕತ್ತರಿಸಿ ಹಿಂದುಮುಂದು ಅಂಟಿಸಿ ಕೊಟ್ಟಿದ್ದಾರೆ, ಅಷ್ಟೇ.”

ಟೀಚರ್ ತನ್ನ ಕಟ್ಟನ್ನು ಮೇಜಿನ ಮೇಲೆ ವಾಪಸ್ ಇಟ್ಟಳು. ಏನೆಂದು ಬೇಡ ಅನ್ನುವುದು? ತನ್ನದೇ ಲೆಕ್ಕ. ವಾಚಿನ ಗುಂಡಿ ಒತ್ತಿದಳು.

ಹನ್ನೊಂದು ಪೆನ್ಸಿಲ್ಲುಗಳು ಒಟ್ಟಿಗೆ ಹೊರಟವು. ಮಕ್ಕಳು ಲೆಕ್ಕದ ಕಡೆ ಕಣ್ಣೂ ಹಾಯಿಸಲಿಲ್ಲ. ತುಟಿ ಮಾತ್ರ ಆಡುತ್ತಿತ್ತು: ಎಂಬತ್ತೈದು, ಮೂವತ್ನಾಕು, ಐವತ್ತಾರು. ಬೆಂಚುಗಳ ನಡುವೆ ಓಡಾಡುತ್ತಿದ್ದ ಟೀಚರ್ ಒಂದು ಹಾಳೆಯ ಮೇಲೆ ಬಗ್ಗಿ ನೋಡಿದಳು. ಎಪ್ಪತ್ತೆರಡನ್ನು ಒಂಬತ್ತರಿಂದ ಭಾಗಿಸಿದರೆ ಎಂಬತ್ತೈದು! ಪಕ್ಕದವನದೂ ಎಂಬತ್ತೈದು. ಅದರ ಹಿಂದಿನದೂ ಅದೇ. ಟೀಚರ್ ಅಲ್ಲೇ ನಿಂತಳು. ಮೆಟ್ಟಿಲ ಮೇಲಿನ ಆ ಚಪ್ಪಾಳೆ ಆಕೆಯ ಕಿವಿಯಲ್ಲಿ ಈಗ ಬೇರೆಯೇ ಥರ ಬಡಿಯತೊಡಗಿತು.

ಮೂರು ನಿಮಿಷಕ್ಕೆ ಮೇಡಂ ತಾವೇ ಕೈಗಡಿಯಾರ ನೋಡಿ ನಿಲ್ಲಿಸಿದರು. ಹಾಳೆ ತಿದ್ದಲು ಅವರಿಗೆ ಹೊತ್ತು ಹಿಡಿಯಲಿಲ್ಲ. ಮೂವತ್ತಕ್ಕೆ ಎರಡು. ಒಂದು. ಮೂರು. ಸೊನ್ನೆ.

“ಆಹಾ!” ಎಂದರು ಮೇಷ್ಟ್ರು ಬಾಗಿಲಿಂದ. “ಭಾಗಾಕಾರ ಮಾಡಿದ್ರೆ ಸಂಖ್ಯೆ ಬೆಳೆಯುತ್ತೆ ಅಂತ ನಮ್ಮ ಶಾಸ್ತ್ರಕ್ಕೇ ಗೊತ್ತಿರ್ಲಿಲ್ಲ ನೋಡಿ.”

“ಬಾಯಿ ಮುಚ್ರೀ ಸ್ವಲ್ಪ,” ಎಂದರು ಹೆಡ್‌ಮಾಸ್ಟರು, ಆದರೆ ಅವರ ಕಣ್ಣೂ ಟೀಚರನ್ನೇ ಸುಡುತ್ತಿತ್ತು.

ಮೇಡಂ ಕೊನೆಯ ಹಾಳೆ ಎತ್ತಿಕೊಂಡರು. “ಇದು ಯಾರದು? ಹನ್ನೆರಡು ಮಾಡಿದ್ದಾರೆ. ಹನ್ನೆರಡೂ ಸರಿ.”

“ಆಮೇದು,” ಎಂದ ಒಬ್ಬ ಹುಡುಗ. ಯಾರೂ ನಗಲಿಲ್ಲ.

“ಬಾಮ್ಮ ಇಲ್ಲಿ. ಅರವತ್ಮೂರರಲ್ಲಿ ಇಪ್ಪತ್ತೊಂಬತ್ತು ಹೇಗೆ ಕಳೆದೆ?”

“ಮೂವತ್ತು ಕಳೆದೆ. ಮೂವತ್ಮೂರು ಉಳೀತು. ಒಂದು ಜಾಸ್ತಿ ಕಳೆದಿದ್ನಲ್ಲ, ಅದನ್ನ ವಾಪಸ್ ಕೊಟ್ಟೆ. ಮೂವತ್ನಾಕು.”

“ಯಾರು ಹೇಳ್ಕೊಟ್ಟಿದ್ದು?”

ಹುಡುಗಿ ಟೀಚರ್ ಕಡೆ ತಿರುಗಿದಳು. ಆ ನೋಟದಲ್ಲಿ ಭಯವೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. “ಇವರೇ. ಮೊದಲನೇ ವಾರ. ಆಮೇಲೆ ಹೇಳ್ಕೊಡೋದು ಬಿಟ್ಟು ಬೈಯೋಕೆ ಶುರು ಮಾಡಿದ್ರು.”

ಮೇಷ್ಟ್ರ ನೂರು ಕುಹಕ ಚುಚ್ಚದಿದ್ದ ಜಾಗಕ್ಕೆ ಆ ಮಾತು ಹೋಗಿ ನಾಟಿತು. ಟೀಚರ್ ವಾಚಿನ ದಾರ ಹಿಡಿದುಕೊಂಡು ನಿಂತಳು. ವಾಚು ಇನ್ನೂ ಓಡುತ್ತಿತ್ತು, ನಿಲ್ಲಿಸುವುದನ್ನೇ ಮರೆತಿದ್ದಳು.

ಮೇಡಂ ಎದ್ದರು. “ಕೋಣೆ ಮೇಷ್ಟ್ರಿಗೆ ಕೊಡಿ. ಕ್ಲಾಸಿಗೆ ಇನ್ನೊಂದು ಮೂರು ವಾರ, ಜಗುಲಿಯಲ್ಲಿ ಮಾಡ್ಕೊಳ್ಳಲಿ,” ಎಂದು ಹೆಡ್‌ಮಾಸ್ಟರಿಗೆ ಹೇಳಿ ಟೀಚರ್ ಕಡೆ ತಿರುಗಿದರು. “ಈ ಹುಡುಗಿ ಒಬ್ಬಳಿಗೋಸ್ಕರ ಬಿಡ್ತಿದ್ದೀನಿ, ನಿಮಗೋಸ್ಕರ ಅಲ್ಲ.”

ಆ ಸಂಜೆ ಟೀಚರ್ ಮಿಕ್ಕ ಹಾಳೆಗಳನ್ನೆಲ್ಲ ಮಗುಚಿ ಅವುಗಳ ಹಿಂಬದಿಯಲ್ಲಿ ಹೊಸ ಪಾಠಯೋಜನೆ ಬರೆದಳು. ಹದಿನೈದು ನಿಮಿಷ ಉಪಾಯಕ್ಕೆ ವಾಪಸ್ಸು. ಮೊದಲ ವಾರ ವಾಚು ಚೀಲದಲ್ಲಿ. ದಿನಕ್ಕೊಂದೇ ಹಾಳೆ, ದಿನಾ ಬೇರೆ ಹಾಳೆ. ಪ್ರತಿ ಮಗುವಿನ ಇವತ್ತಿನ ಅಂಕಕ್ಕೆ ಅದರದೇ ನಿನ್ನೆಯ ಅಂಕದ ಜೊತೆ ಮಾತ್ರ ಪೈಪೋಟಿ. ‘ಸರಾಸರಿ’ ಎಂದು ಬರೆದಿದ್ದ ಕಡೆ ಅಡ್ಡಗೆರೆ ಎಳೆದಳು.

ದಿನಾ ಬೇರೆ ಹಾಳೆ. ಅಂದರೆ ದಿನಾ ಬೀಗದ ಕೈ.

ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ಆಕೆ ಮಷಿನ್ನಿನ ಮುಂದೆ ನಿಂತಿದ್ದಳು. ಮೇಷ್ಟ್ರು ನಿಧಾನವಾಗಿ ಬಂದರು. ಹಲ್ಲು ಕಾಣುವಷ್ಟು ನಕ್ಕರು.

“ಮತ್ತೆ ಆರುನೂರಾ?”

“ಹನ್ನೆರಡು.”

“ಬರೀ ಹನ್ನೆರಡಾ? ಇಷ್ಟಕ್ಕೆ ಮಷಿನ್ ಬಿಸಿ ಮಾಡಬೇಕಾ?”

“ಮಾಡ್ರೀ. ನಾಳೆ ಇನ್ನೊಂದು ಹನ್ನೆರಡಕ್ಕೆ ಬರ್ತೀನಿ. ನಾಡಿದ್ದೂ ಬರ್ತೀನಿ. ದಿನಾ ಬೆಳಗಾದ್ರೆ ನನ್ನ ಮುಖಾನೇ ನೋಡಬೇಕು ನೀವು. ಅದೇ ನಿಮಗೆ ನನ್ನ ಶಾಪ.”

ಮೇಷ್ಟ್ರು ಗೊಣಗುತ್ತ ಬೀಗ ತೆಗೆದರು. ಜಗುಲಿಯ ಕೊನೆಯಲ್ಲಿ ಆ ಹುಡುಗಿ ಆಗಲೇ ಬಂದು ಚೀಲ ಇಳಿಸಿ ಕೂತಿದ್ದಳು. ಟೀಚರ್ ಬಂದಾಗ ಅವಳು ಮೊದಲು ನೋಡಿದ್ದು ಕೊರಳನ್ನು. ಅಲ್ಲಿ ವಾಚು ಇರಲಿಲ್ಲ. ಆದರೂ ಹುಡುಗಿ ನಗಲಿಲ್ಲ. ಹಾಳೆ ಈಸಿಕೊಂಡಳು, ತಿರುಗಿಸಿ ನೋಡಿದಳು, ಲೆಕ್ಕ ಹೊಸದೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಪೆನ್ಸಿಲ್ ತೆಗೆದಳು.