ಮೂವತ್ತು ಪರದೆಗಳಲ್ಲಿ ಅಪ್ಪ

ನನ್ನ ಪದವಿಯ ಟೋಪಿ ಹಾಕಿಕೊಂಡು ಅಪ್ಪ ನಕ್ಕ ಫೋಟೊ ಈಗ ನನ್ನ ಬಳಿ ಇಲ್ಲ. ಒಂದೇ ಒಂದು ದಿನ ಅದು ಮೂವತ್ತು ಕಂಪ್ಯೂಟರುಗಳಲ್ಲಿತ್ತು.

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದವನು ನಾನು. ದಾವಣಗೆರೆಯ ಕಾಲೇಜಿನ ಲ್ಯಾಬಿಗೆ ಸೇರಿದ ಹೊಸತರಲ್ಲಿ, ಒಂದು ಕಂಪ್ಯೂಟರಿಗೆ ಬೇಕಾದ ಸಾಫ್ಟ್‌ವೇರನ್ನೆಲ್ಲ ಹಾಕಿ, ಪರೀಕ್ಷಿಸಿ, ಅದರ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೆ ಪೂರ್ತಿ ನಕಲು, ತೆಗೆದು, ನೆಟ್‌ವರ್ಕಿನಲ್ಲಿ ಉಳಿದ ಇಪ್ಪತ್ತೊಂಬತ್ತಕ್ಕೂ ಇಳಿಸಿದೆ. ಕೆಲಸ ಮಾಡುವಾಗ ಖುಷಿಗೆಂದು ಪರದೆಗೆ ಹಾಕಿಕೊಂಡಿದ್ದ ಅಪ್ಪನ ಫೋಟೊ ತೆಗೆಯುವುದನ್ನು ಮರೆತಿದ್ದೆ. ಒಂದೊಂದಕ್ಕೂ ಬೇರೆ ಹೆಸರು ಕೊಡಲು ಎಲ್ಲವನ್ನೂ ಆನ್ ಮಾಡಿದರೆ, ಸಾಲುಸಾಲಾಗಿ ಅಪ್ಪ!

ಹರಿಹರದಿಂದ ಬರುತ್ತಿದ್ದ, ಲ್ಯಾಬಿನ ಹಿರಿಯ ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. “ಡಿಗ್ರಿ ನಿಂದೋ, ನಿಮ್ಮಪ್ಪಂದೋ? ಇವತ್ತು ಅಳಿಸಬ್ಯಾಡ, ಅವರನ್ನ ಕರಿ.”

ಭಾನುವಳ್ಳಿಯಿಂದ ಬಸ್ಸು ಹತ್ತಿ ಬಂದ ಅಪ್ಪ ಚಪ್ಪಲಿ ಹೊರಗೆ ಬಿಟ್ಟು, ಪ್ರತಿ ಪರದೆಯನ್ನೂ ನೋಡುತ್ತಾ ಕೊನೆಯವರೆಗೆ ನಡೆದ. “ಒಂದ್ರಾಗಾದ್ರೂ ಬಾಯಿ ಮುಚ್ಚಿಲ್ಲಲ್ಲೋ ನಾನು!” ಎಂದ.

ಮರುದಿನ ಮೊದಲ ಕಂಪ್ಯೂಟರಿನಿಂದ ಫೋಟೊ ಅಳಿಸಿ, ಹಳೆಯ ಇಮೇಜ್ ಉಳಿಯದಂತೆ ಅದರ ಮೇಲೆಯೇ ಹೊಸದನ್ನು ಉಳಿಸಿ, ಎಲ್ಲಕ್ಕೂ ಮತ್ತೆ ಇಳಿಸಿದೆ. ಆಮೇಲೆ ಫೋಟೊ ಇದ್ದ ಮೊಬೈಲು ಕಳೆಯಿತು, ಅಪ್ಪನೂ ಹೋದ.

ಈಗಲೂ ಇಮೇಜ್ ತೆಗೆಯುವ ಮುನ್ನ ಪರದೆ ನೋಡುತ್ತೇನೆ. ಖಾಲಿ ಇರಬೇಕು, ಖಾಲಿಯೇ ಇರುತ್ತದೆ. ಆದರೂ ಒಂದು ಗಳಿಗೆ ಕಾಯುತ್ತೇನೆ.